ಮುಚ್ಚಳಿಕೆ ಬರೆಸಿಕೊಂಡರೆ ಕುಡಿತ ಬಿಟ್ಟುಹೋಗುತ್ತದೆಯೇ?

ಸಂಪಾದಕರೇ,

ಗುರುವಾರದ ಸಂಚಿಕೆಯಲ್ಲಿ ‘ಕುಡಿದ ಅಮಲಿನಲ್ಲಿ ದಾಂಧಲೆ, ಪತ್ನಿಗೆ ಗಾಯ’ ಎಂದು ಬರೆದಿದ್ದೀರಿ. ಓಣಿ ಯಾವುದು, ಮನೆ ಯಾರದು ಎಂಬುದು ಎಲ್ಲರಿಗೂ ಗೊತ್ತಾಗಿದೆ, ಅದನ್ನು ಮತ್ತೆ ಕೆದಕುವುದು ಬೇಡ. ಆದರೆ ಸುದ್ದಿಯೇ ತಪ್ಪು. ಆತ ಅಂದು ಕುಡಿದಿರಲಿಲ್ಲ. ಭಾನುವಾರ ರಾತ್ರಿ ಠಾಣೆಯಲ್ಲಿ ಕೂರಿಸಿ, ‘ನಾಳೆಯಿಂದ ಕುಡಿಯುವುದಿಲ್ಲ, ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದರು. ಆತ ಪಾಪ, ಮಾತು ಉಳಿಸಿಕೊಂಡ. ಸೋಮವಾರ ಕುಡಿಯಲಿಲ್ಲ, ಮಂಗಳವಾರವೂ ಕುಡಿಯಲಿಲ್ಲ. ಬುಧವಾರ ನಸುಕಿನಲ್ಲಿ ಗೋಡೆಯ ಮೇಲೆ ಹಾವು ಹರಿಯುತ್ತಿದೆ ಎಂದು ಕೋಲು ತೆಗೆದುಕೊಂಡು ಬೀಸಿದ. ಅಡ್ಡ ಬಂದ ಹೆಂಡತಿಗೆ ಪೆಟ್ಟಾಯಿತು. ಪೊಲೀಸರು ಬಂದು, ‘ಮತ್ತೆ ಕುಡಿದಿದ್ದೀಯಾ’ ಎಂದು ಇನ್ನೆರಡು ಬಿಗಿದರಂತೆ.

ಇದು ಅಮಲಲ್ಲ. ಅಮಲು ಇಳಿದ ಮೇಲಿನ ಕಾಯಿಲೆ. ವರ್ಷಗಟ್ಟಲೆ ದಿನವೂ ಕುಡಿದವರ ಮೆದುಳು ಮದ್ಯ ತರುವ ಮಂಕಿಗೆ ಎದುರಾಗಿ ಸದಾ ತುಸು ಹೆಚ್ಚೇ ಚುರುಕಾಗಿರುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಮದ್ಯ ಒಮ್ಮೆಗೇ ನಿಂತರೆ ಆ ಚುರುಕಿಗೆ ಲಗಾಮಿರುವುದಿಲ್ಲ. ಮೊದಲ ದಿನ ಕೈ ನಡುಗುತ್ತದೆ, ಲೋಟ ಹಿಡಿದರೆ ಅರ್ಧ ನೀರು ಅಂಗಿಯ ಮೇಲೆ. ಬೆವರು, ವಾಂತಿ, ನಿದ್ದೆಯಿಲ್ಲ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನಕ್ಕೆ ಕೆಲವರು ಇಲ್ಲದ ಹುಳುಗಳನ್ನು ಮೈಮೇಲಿಂದ ಆರಿಸಲು ಶುರು ಮಾಡುತ್ತಾರೆ, ಇಲ್ಲದವರೊಡನೆ ಮಾತಾಡುತ್ತಾರೆ, ಇವತ್ತು ಯಾವ ವಾರ ಎಂದರೆ ತಡವರಿಸುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗುವುದೂ ಉಂಟು.

ಕುಡಿದವನಿಗೂ ಇವನಿಗೂ ವ್ಯತ್ಯಾಸ ತಿಳಿಯಲು ಡಾಕ್ಟರೇ ಆಗಬೇಕಿಲ್ಲ. ಕುಡಿದವನ ಬಾಯಿ ನಾರುತ್ತದೆ, ಹೊತ್ತು ಕಳೆದಂತೆ ತಣ್ಣಗಾಗಿ ಮಲಗುತ್ತಾನೆ. ಇವನ ಬಾಯಲ್ಲಿ ವಾಸನೆಯಿಲ್ಲ, ಕೈ ನಡುಗುತ್ತಿದೆ, ಮೈ ಬಿಸಿ, ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಹೊತ್ತು ಕಳೆದಂತೆ ಹೆಚ್ಚಾಗುತ್ತಲೇ ಹೋಗುತ್ತದೆ. ಹೀಗಾದಾಗ ಕೋಣೆಯಲ್ಲಿ ಕೂಡಿಹಾಕುವುದಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಬೇಕು. ದಿನಕ್ಕೆ ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಎಷ್ಟು ಗಂಟೆಗೆ ಕುಡಿದ, ಹಿಂದೆ ಫಿಟ್ಸ್ ಬಂದಿತ್ತೇ, ಈ ಮೂರನ್ನು ಕೇಳುವ ಮೊದಲೇ ಹೇಳಿಬಿಡಿ. ಅಲ್ಲಿ ನಡುಕ ಇಳಿಸುವ ಮಾತ್ರೆಯನ್ನು ಮೊದಲು ಹೆಚ್ಚು ಕೊಟ್ಟು, ಸುಮಾರು ಒಂದು ವಾರದಲ್ಲಿ ಇಳಿಸುತ್ತಾ ಬರುತ್ತಾರೆ. ಗ್ಲೂಕೋಸ್ ಏರಿಸುವ ಮೊದಲು ಬಿ1 ವಿಟಮಿನ್ ಚುಚ್ಚುಮದ್ದು ಕೊಡಬೇಕು, ಇಲ್ಲದಿದ್ದರೆ ಆ ವಿಟಮಿನ್ನಿನ ಕೊರತೆಯಲ್ಲೇ ಇರುವ ಮೆದುಳಿಗೆ ಪೆಟ್ಟು ಬೀಳಬಹುದು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಿಲ್ಲದವರು ಯಾರೇ ಆಗಲಿ, ‘ಇವತ್ತೇ ಬಿಡು’ ಎಂದು ಅವರಿಗೆ ಆಣೆ ಹಾಕಿಸಬೇಡಿ. ಮೊದಲು ಡಾಕ್ಟರು, ಆಮೇಲೆ ಆಣೆ, ದೇವರು, ಮುಚ್ಚಳಿಕೆ ಎಲ್ಲ.

ಆ ದಿನ ನಸುಕಿನಲ್ಲಿ ನಮಗೆ ಫೋನ್ ಬಂದದ್ದು, ಗಾಡಿ ಸಿಗದೆ ಪರದಾಡಿದ್ದು, ಆಸ್ಪತ್ರೆಯ ಬಾಗಿಲಲ್ಲಿ ‘ಕುಡುಕರನ್ನೆಲ್ಲ ಇಲ್ಲಿಗ್ಯಾಕೆ ತರ್ತೀರಿ’ ಎಂದು ಬೈಸಿಕೊಂಡದ್ದು, ‘ಮಾನಸಿಕ ತಜ್ಞರು ಮಂಗಳವಾರ ಬರ್ತಾರೆ’ ಎಂಬ ಉತ್ತರ ಕೇಳಿದ್ದು, ಇದನ್ನೆಲ್ಲ ಹೇಳಿ ಏನು ಬಂತು. ಮಂಗಳವಾರ ನಿನ್ನೆಯಷ್ಟೇ ಮುಗಿದಿತ್ತು. ಈ ನಡುಕ ಮುಂದಿನ ಮಂಗಳವಾರದವರೆಗೆ ತಡೆದುಕೊಂಡು ಕೂರಬೇಕಿತ್ತೇನೋ.

ಮುಚ್ಚಳಿಕೆಯ ವಿಷಯಕ್ಕೆ ಬರೋಣ. ಅದರ ಇನ್ನೊಂದು ಸಾಲು ‘ಸಂಸಾರ ಚೆನ್ನಾಗಿ ನೋಡಿಕೊಳ್ಳುತ್ತೇನೆ’. ಯಾವ ದುಡ್ಡಿನಲ್ಲಿ? ಠಾಣೆಯವರಿಗೆ ಲೆಕ್ಕ ಬೇಕಿಲ್ಲ, ನಾವು ಹಾಕಿ ತೋರಿಸುತ್ತೇವೆ. ರೂಪಾಯಿ ಬಿಡಿ, ಕೂಲಿಯ ದಿನಗಳಲ್ಲಿ ಎಣಿಸಿ. ತಿಂಗಳಿಗೆ 26 ದಿನದ ಕೂಲಿ ಸಿಗುವ ಒಬ್ಬಾತ ದಿನವೂ ಸಂಜೆ ಕೂಲಿಯ ಮೂರನೇ ಒಂದು ಪಾಲು ಕುಡಿಯುತ್ತಾನೆ ಎನ್ನಿ. ‘ಮೂರರಲ್ಲಿ ಒಂದು ತಾನೆ’ ಎಂದು ಮನೆಯವರೂ ಸಮಾಧಾನ ಮಾಡಿಕೊಂಡಿರುತ್ತಾರೆ. ಕೂಲಿ 26 ದಿನ, ಕುಡಿತ ಮಾತ್ರ 30 ಸಂಜೆ. ಅಲ್ಲಿಗೆ 10 ದಿನದ ಕೂಲಿ ಹೋಯಿತು. ತಲೆ ಎತ್ತಲಾಗದೆ ತಪ್ಪಿದ ಕೆಲಸ 4 ದಿನ. ಗೆಳೆಯರಿಗೆ ಕುಡಿಸಿದ್ದು 2 ದಿನದ್ದು. ಕೈಸಾಲ ಮತ್ತು ಅಡವಿಟ್ಟ ಚಿನ್ನದ ಬಡ್ಡಿ ಇನ್ನೆರಡು. ಬಿದ್ದು ಹೊಲಿಗೆ ಹಾಕಿಸಿಕೊಂಡದ್ದು, ಒಡೆದ ಫೋನು, ಒಂದು. ಒಟ್ಟು 19. ಮನೆಗೆ ಉಳಿದದ್ದು 7 ದಿನದ ಕೂಲಿ. ಬಾಟಲಿಯ ಬೆಲೆಯಷ್ಟೇ ಸೋರಿದ್ದು ನಮ್ಮ ಕಣ್ಣಿಗೆ ಬೀಳುತ್ತದೆ, ಉಳಿದ ಒಂಬತ್ತು ದಿನ ಎತ್ತ ಹೋಯಿತೆಂದು ಯಾರೂ ಕೇಳುವುದಿಲ್ಲ.

ಈ ಸೋರಿಕೆಯಲ್ಲಿ ಒಂದು ತೂತನ್ನು ಮನೆಯವರೇ ತೆರೆದಿಟ್ಟಿರುತ್ತಾರೆ, ಬೈಯಲು ಹೇಳುತ್ತಿಲ್ಲ. ಮರ್ಯಾದೆಗೆ ಅಂಜಿ ಆತನ ಸಾಲವನ್ನು ಹೆಂಡತಿಯೋ ತಾಯಿಯೋ ತೀರಿಸುತ್ತಾರೆ. ಒಮ್ಮೆ ತೀರಿಸಿದರೆ ಸಾಲ ಕೊಡುವವನಿಗೆ ಧೈರ್ಯ ಬರುತ್ತದೆ, ಕೇಳುವವನಿಗೂ ಬರುತ್ತದೆ. ಗಂಡ ಕುಡಿತಕ್ಕೆಂದು ಮಾಡಿದ ಕೈಸಾಲಕ್ಕೆ ಹೆಂಡತಿ ಸಹಿ ಹಾಕಿಲ್ಲವೆಂದರೆ, ಜಾಮೀನೂ ನಿಂತಿಲ್ಲವೆಂದರೆ, ಬಾಗಿಲಿಗೆ ಬಂದವನಿಗೆ ಆಕೆ ಹಣ ಕೊಡಬೇಕಾಗಿಲ್ಲ. ಸಂಘದ ಸಾಲವನ್ನು ಆಕೆಯ ಹೆಸರಲ್ಲಿ ತೆಗೆಸಿ ಆತನ ಕೈಗೆ ಕೊಡುವುದು ಇನ್ನೊಂದು ತೂತು, ಅದರ ಪಾಡು ಕಂತು ಕಟ್ಟುವಾಗ ಗೊತ್ತಾಗುತ್ತದೆ. ಹೆಂಗಸಿನ ದುಡಿಮೆ ಆಕೆಯೊಬ್ಬಳದೇ ಹೆಸರಿನ ಖಾತೆಗೆ ಬರಲಿ, ಎಟಿಎಂ ಪಿನ್ ಆತನಿಗೆ ಗೊತ್ತಿದ್ದರೆ ಇವತ್ತೇ ಬದಲಾಗಲಿ. ಮನೆ ಪತ್ರ, ಚಿನ್ನದ ರಸೀದಿ, ಆಧಾರ್, ಪಡಿತರ ಚೀಟಿ ಒಂದು ಚೀಲದಲ್ಲಿ ನಂಬಿಕೆಯ ನೆಂಟರ ಮನೆಯಲ್ಲಿರಲಿ. ರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೊರಡುವಾಗ ಕಪಾಟು ತಡಕಲು ಹೊತ್ತಿರುವುದಿಲ್ಲ.

ಈಗ ಠಾಣೆಯವರಿಗೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ದೂರು ತಂದ ಹೆಂಗಸಿಗೆ ಆಕೆಯ ಹಕ್ಕುಗಳನ್ನು, ರಕ್ಷಣಾಧಿಕಾರಿ ಇದ್ದಾರೆಂಬುದನ್ನು, ಉಚಿತ ಕಾನೂನು ನೆರವಿದೆ ಎಂಬುದನ್ನು ತಿಳಿಸುವುದು ಪೊಲೀಸರ ಕರ್ತವ್ಯ. ರಾಜಿ ಮಾಡಿಸಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ ಎಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅರ್ಜಿ ತಲುಪಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಒಡವೆ ಮಾರಬಾರದು ಎಂದು ಆದೇಶ ಸಿಗುತ್ತದೆ. ಇದಕ್ಕಿಂತ ಹೆಚ್ಚು ಉಪಯೋಗದ್ದು 20ನೇ ಸೆಕ್ಷನ್. ಆತ ಎಲ್ಲಾದರೂ ಸಂಬಳಕ್ಕಿದ್ದರೆ, ಅದರ ಒಂದು ಪಾಲನ್ನು ಮಾಲೀಕರೇ ನೇರ ಹೆಂಡತಿಗೆ ಕೊಡುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಹತ್ತು ಮುಚ್ಚಳಿಕೆ ಮಾಡದ ಕೆಲಸವನ್ನು ಇದೊಂದು ಮಾಡುತ್ತದೆ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ₹20,000ವರೆಗೆ ದಂಡ, ಇಲ್ಲವೇ ಎರಡೂ. ಮುಚ್ಚಳಿಕೆ ಮೀರಿದರೆ? ಇನ್ನೊಂದು ಮುಚ್ಚಳಿಕೆ.

ಇದನ್ನೆಲ್ಲ ಮಾಡಬೇಕಾದ ಕಚೇರಿಗೆ ಹೋದರೆ ಸಾಹೇಬರು ಸಭೆಯಲ್ಲಿ, ಅಥವಾ ಇನ್ನೊಂದು ತಾಲ್ಲೂಕಿನ ಪ್ರಭಾರದಲ್ಲಿ. ಫಾರಂ ಮುಗಿದಿದೆ, ಜೆರಾಕ್ಸ್ ಮಾಡಿಸಿ ತನ್ನಿ. ತಂದರೆ ಇನ್ನೊಂದು ಪ್ರತಿ. ಮೂರು ಸಲ ಅಲೆದ ಮೇಲೆ ‘ಹೊಂದಿಕೊಂಡು ಹೋಗಮ್ಮಾ’ ಎಂಬ ಉಪದೇಶ, ಅದು ಮಾತ್ರ ಪುಕ್ಕಟೆ. ಇದೇ ಅಧಿಕಾರಿಗಳು ಎರಡು ವರ್ಷದ ಹಿಂದೆ ನಮ್ಮ ಬೀದಿದೀಪದ ಅರ್ಜಿಯನ್ನೂ ಹೀಗೇ ಕಳೆದರು, ಅವರು ಬೇರೆ ಇಲಾಖೆ ಎನ್ನಬೇಡಿ, ಕುರ್ಚಿ ಒಂದೇ ಥರ.

ಸಂಪಾದಕರೇ, ನಿಮ್ಮನ್ನೂ ಬಿಡುವ ಹಾಗಿಲ್ಲ. ಆ ಸುದ್ದಿ ಹಾಕಿದ ಪುಟದ ಕೆಳಗೆ ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತು ಹಾಕಿದ್ದೀರಿ. ಪುಡಿಯಲ್ಲಿ ಏನಿದೆ ಎಂದು ನಿಮಗೆ ಗೊತ್ತೇ? ಕುಡಿತ ಬಿಡಿಸಲು ಡೈಸಲ್ಫಿರಾಂ ಎಂಬ ಮಾತ್ರೆಯೊಂದಿದೆ, ಡಾಕ್ಟರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡುವಂಥದ್ದು. ಅದು ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ ಎದೆ ಹೊಡೆದುಕೊಂಡು ರಕ್ತದೊತ್ತಡ ಕುಸಿಯುತ್ತದೆ. ಕೊನೆಯ ಮಾತ್ರೆಯಾಗಿ ಎರಡು ವಾರದವರೆಗೂ ಹೀಗಾಗಬಹುದು. ಅಂಥದ್ದನ್ನು ಕದ್ದು ಸಾರಿನಲ್ಲಿ ಹಾಕಿ, ಆತ ಸಂಜೆ ಕುಡಿದು ರಸ್ತೆಯಲ್ಲಿ ಬಿದ್ದರೆ, ಯಾರ ಮೇಲೆ ಕೇಸು?

ಜಾಹೀರಾತಿನ ಆ ಜಾಗದಲ್ಲಿ ಈ ಸಂಖ್ಯೆಗಳನ್ನಾದರೂ ಹಾಕಿ. ಅಪಾಯದ ಹೊತ್ತಿನಲ್ಲಿ 112. ಮಹಿಳಾ ಸಹಾಯವಾಣಿ 181. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಇದಕ್ಕೆ ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಮನಸ್ಸು ಕುಸಿದಾಗ ಟೆಲಿ ಮಾನಸ್ 14416. ಉಚಿತ ಕಾನೂನು ನೆರವಿಗೆ 15100, ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಇನ್ನು ಅಲ್-ಅನಾನ್. ಇದು ಕುಡಿಯುವವರ ಕೂಟವಲ್ಲ, ಅವರ ಹೆಂಡತಿ, ತಾಯಿ, ಮಕ್ಕಳ ಕೂಟ. ಶುಲ್ಕವಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ, ಮನೆಯಾತ ಇನ್ನೂ ಕುಡಿಯುತ್ತಿದ್ದರೂ ಹೋಗಬಹುದು. ಸಾಲ ತೀರಿಸುವುದನ್ನು ನಿಲ್ಲಿಸಿ ಎಂದು ನಾವು ಹೇಳಿದರೆ ತಲೆಯಾಡಿಸಿ ಸುಮ್ಮನಾಗುವವರು, ನಿಲ್ಲಿಸಿದ ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಕೇಳಿದರೆ ನಂಬುತ್ತಾರೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಯಾರು ಸಂಬಂಧಪಟ್ಟವರು ಎಂಬುದನ್ನು ಅವರವರಲ್ಲೇ ತೀರ್ಮಾನಿಸಿಕೊಳ್ಳಲಿ. ಆಸ್ಪತ್ರೆಯಲ್ಲಿ ದಿನವೂ ಈ ಚಿಕಿತ್ಸೆ ಸಿಗಬೇಕು, ಮಂಗಳವಾರ ಬಿಟ್ಟು ಬೇರೆ ವಾರಗಳೂ ಕ್ಯಾಲೆಂಡರಿನಲ್ಲಿವೆ. ಠಾಣೆಯಲ್ಲಿ ಮುಚ್ಚಳಿಕೆ ಬರೆಸುವ ಪುಸ್ತಕವನ್ನು ಮುಚ್ಚಬೇಕು. ಅದನ್ನು ಬರೆಸಿದವರೇ ಒಂದು ಸಲ ಆಸ್ಪತ್ರೆಗೆ ಹೋಗಿ, ಕೈಕಾಲು ಕಟ್ಟಿಸಿಕೊಂಡು ಮಲಗಿರುವ ಆತನನ್ನು ನೋಡಿ ಬರಲಿ. ಆತ ಇನ್ನೂ ಹಾವು ಓಡಿಸುತ್ತಿದ್ದಾನೆ.

— ಕುಡಿತದಿಂದ ನೊಂದ ಮನೆಗಳ ಪರವಾಗಿ ಓಡಾಡುವ ನಾಲ್ವರು