ವಿಷಯ: ನಿಮ್ಮ ಲೆಕ್ಕಪತ್ರ ತಂತ್ರಾಂಶ ‘ಕಟ್ಟಬೇಕಾದ ತೆರಿಗೆ ಸೊನ್ನೆ’ ಎಂದು ತೋರಿಸಿದ ತಿಂಗಳಲ್ಲಿ ಪೋರ್ಟಲ್ ನಗದು ಕೇಳಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಸಣ್ಣ ಉದ್ಯಮಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವ ತೆರಿಗೆ ಸಲಹೆಗಾರ ನಾನು. ನನ್ನ ಕಚೇರಿಯಲ್ಲಿ ನಿಮ್ಮ ತಂತ್ರಾಂಶವನ್ನು ವಾರ್ಷಿಕ ಚಂದಾ ಕಟ್ಟಿ ಬಳಸುತ್ತಿದ್ದೇವೆ. ಇದೇ ವಿಷಯವಾಗಿ ನಿಮ್ಮ ಸಹಾಯವಾಣಿಗೆ ದೂರು ದಾಖಲಿಸಿದ್ದೆ. ‘ರಿವರ್ಸ್ ಚಾರ್ಜ್ ತೆರಿಗೆ ಒಂದು ಕಡೆ ಸೇರುತ್ತದೆ, ಇನ್ನೊಂದು ಕಡೆ ಕ್ರೆಡಿಟ್ ಆಗಿ ಕಳೆಯುತ್ತದೆ, ಆದ್ದರಿಂದ ನಿವ್ವಳ ಪರಿಣಾಮವಿಲ್ಲ’ ಎಂದು ಉತ್ತರ ಬರೆದು ದೂರನ್ನು ಮುಚ್ಚಿದ್ದೀರಿ. ಆ ಉತ್ತರವೇ ತಪ್ಪು. ಹೇಗೆ ತಪ್ಪು ಎಂಬುದನ್ನು ಒಬ್ಬ ಕಕ್ಷಿದಾರರ ಒಂದು ತಿಂಗಳ ಲೆಕ್ಕದಿಂದಲೇ ತೋರಿಸುತ್ತೇನೆ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ. ಅವರ ಶೆಡ್ಡಿನ ಬಾಡಿಗೆ ತಿಂಗಳಿಗೆ 50,000 ರೂಪಾಯಿ. ಶೆಡ್ಡಿನ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಅವರ ಆದಾಯಕ್ಕೆ ಅದರ ಅಗತ್ಯವೂ ಇಲ್ಲ. ಆದರೆ 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರು ನೋಂದಾಯಿತ ವ್ಯಕ್ತಿಗೆ ವಾಸೇತರ ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ, ಪೂರೈಸಿದವರ ಬದಲು ಪಡೆದವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ದರ ಶೇ 18. ಅಂದರೆ ತಿಂಗಳಿಗೆ 9,000 ರೂಪಾಯಿ: ಕೇಂದ್ರಕ್ಕೆ 4,500, ರಾಜ್ಯಕ್ಕೆ 4,500.

ಈಗ 2025ರ ಆಗಸ್ಟ್ ತಿಂಗಳಿಗೆ ಬರೋಣ. ಘಟಕದ ಮಾರಾಟ 8 ಲಕ್ಷ ರೂಪಾಯಿ. ಅದರ ಮೇಲಿನ ತೆರಿಗೆ 1,44,000. ಆ ತಿಂಗಳು ಕಚ್ಚಾ ವಸ್ತು ಹೆಚ್ಚು ಕೊಂಡಿದ್ದರಿಂದ ಖರೀದಿಯ ಮೇಲೆ ಬಂದ ಇನ್‌ಪುಟ್ ಕ್ರೆಡಿಟ್ 1,52,000. ಎಲ್ಲವೂ ರಾಜ್ಯದೊಳಗಿನ ವ್ಯವಹಾರ. ಅದೇ ತಿಂಗಳು ಒಂದು ಮೋಟಾರ್ ಸುಟ್ಟುಹೋಗಿ, ನೋಂದಣಿ ಇಲ್ಲದ ಒಬ್ಬ ಎಲೆಕ್ಟ್ರಿಷಿಯನ್ ಅದಕ್ಕೆ ರಿವೈಂಡಿಂಗ್ ಮಾಡಿಕೊಟ್ಟರು. ಅವರಿಗೆ ಕೊಟ್ಟದ್ದು 12,000.

ನಿಮ್ಮ ತಂತ್ರಾಂಶದ ಮುಖಪುಟ ಈ ತಿಂಗಳಿಗೆ ತೋರಿಸಿದ್ದು: ಕಟ್ಟಬೇಕಾದ ತೆರಿಗೆ 0, ಮುಂದಿನ ತಿಂಗಳಿಗೆ ಉಳಿದ ಕ್ರೆಡಿಟ್ 8,000. ಘಟಕದ ಮಾಲೀಕರು ಅದನ್ನು ನೋಡಿಯೇ ಕೈಯಲ್ಲಿದ್ದ ಹಣವನ್ನು ಕಬ್ಬಿಣದ ವ್ಯಾಪಾರಿಗೆ ಕೊಟ್ಟರು. ಸೆಪ್ಟೆಂಬರ್ 20ರ ಗಡುವಿನ ಹಿಂದಿನ ದಿನ ನಿಮ್ಮ ತಂತ್ರಾಂಶವೇ ಸಿದ್ಧಪಡಿಸಿದ ಕಡತವನ್ನು ಪೋರ್ಟಲ್‌ಗೆ ಏರಿಸಿದಾಗ, ಜಿಎಸ್‌ಟಿಆರ್-3ಬಿ ಪಾವತಿ ಪುಟ 11,160 ರೂಪಾಯಿ ನಗದು ಕೇಳಿತು. ‘ಸೊನ್ನೆ ಎಂದು ಬಂದಿತ್ತಲ್ಲ ಸಾರ್, ಈ ಹನ್ನೊಂದು ಸಾವಿರ ಎಲ್ಲಿಂದ ಹುಟ್ಟಿತು?’ ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಕೊಡಬೇಕಾದವರು ನೀವು.

ಆ ಸೊನ್ನೆ ಬಂದ ದಾರಿಯನ್ನು ನಿಮ್ಮದೇ ವಿವರ ವರದಿ ತೋರಿಸುತ್ತದೆ. ಮಾರಾಟದ ತೆರಿಗೆ 1,44,000ಕ್ಕೆ ರಿವರ್ಸ್ ಚಾರ್ಜ್‌ನ 11,160 ಕೂಡಿಸಿ 1,55,160 ಎಂದು ಒಟ್ಟು ಹೊಣೆ ಬರೆದಿದ್ದೀರಿ. ಇನ್ನೊಂದು ಬದಿಯಲ್ಲಿ 1,52,000ಕ್ಕೆ ಅದೇ 11,160 ಕೂಡಿಸಿ 1,63,160 ಕ್ರೆಡಿಟ್ ಬರೆದಿದ್ದೀರಿ. ಕ್ರೆಡಿಟ್ ದೊಡ್ಡದು, ಹೊಣೆ ಚಿಕ್ಕದು, ಆದ್ದರಿಂದ ಕಟ್ಟಬೇಕಾದದ್ದು ಏನೂ ಇಲ್ಲ. ಕೂಡುವ ಕಳೆಯುವ ಲೆಕ್ಕ ಸರಿಯಾಗಿದೆ. ಕಾನೂನು ಮಾತ್ರ ಹಾಗೆ ಕಳೆಯಲು ಬಿಡುವುದಿಲ್ಲ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 49(4)ನೇ ಕಲಂ ಪ್ರಕಾರ ಕ್ರೆಡಿಟ್ ಖಾತೆಯಲ್ಲಿರುವ ಮೊತ್ತವನ್ನು ‘ಔಟ್‌ಪುಟ್ ತೆರಿಗೆ’ ಕಟ್ಟಲು ಬಳಸಬಹುದು. ಔಟ್‌ಪುಟ್ ತೆರಿಗೆ ಎಂದರೇನು ಎಂದು 2(82)ನೇ ಕಲಂ ಹೇಳುವಾಗ ರಿವರ್ಸ್ ಚಾರ್ಜ್ ಮೇಲೆ ಕಟ್ಟುವ ತೆರಿಗೆಯನ್ನು ಅದರಿಂದ ಹೊರಗಿಟ್ಟಿದೆ. ಎರಡನ್ನೂ ಸೇರಿಸಿ ಓದಿದರೆ ಅರ್ಥ ಇಷ್ಟೇ: ಕ್ರೆಡಿಟ್ ಖಾತೆಯಲ್ಲಿ ಎಷ್ಟೇ ಲಕ್ಷ ಬಿದ್ದಿರಲಿ, ರಿವರ್ಸ್ ಚಾರ್ಜ್‌ನ ಒಂದು ರೂಪಾಯಿಯೂ ಅದರಿಂದ ತೀರುವುದಿಲ್ಲ. ಚಲನ್ ಮಾಡಿ ಬ್ಯಾಂಕಿನಿಂದ ಹಣ ಕಟ್ಟಲೇಬೇಕು. ಪೋರ್ಟಲ್‌ನ 6.1ನೇ ಪಟ್ಟಿಯಲ್ಲಿ ರಿವರ್ಸ್ ಚಾರ್ಜ್‌ಗೆ ಬೇರೆ ಭಾಗ ಮಾಡಿ, ಅದರ ಮುಂದೆ ಕ್ರೆಡಿಟ್ ಬಳಸಲು ಜಾಗವನ್ನೇ ಬಿಡದಿರುವುದು ಇದೇ ಕಾರಣಕ್ಕೆ.

ಆ ತಿಂಗಳ ಸರಿಯಾದ ಲೆಕ್ಕ ಹೀಗಿದೆ. ಬಾಡಿಗೆಯ ಮೇಲಿನ 9,000 ನಗದಿನಲ್ಲಿ. ಅದನ್ನು ಕಟ್ಟಿದ್ದರಿಂದ ಅದೇ 9,000 ಕ್ರೆಡಿಟ್‌ಗೆ ಸೇರಿ ಒಟ್ಟು 1,61,000. ಅದರಲ್ಲಿ ಮಾರಾಟದ ತೆರಿಗೆ 1,44,000 ತೀರಿ, ಮುಂದಿನ ತಿಂಗಳಿಗೆ 17,000 ಉಳಿಯುತ್ತದೆ. ನೀವು ತೋರಿಸಿದ್ದು ನಗದು ಸೊನ್ನೆ, ಉಳಿಕೆ 8,000. ಎರಡು ಅಂಕಿಗಳೂ ತಪ್ಪು, ಎರಡರಲ್ಲೂ ವ್ಯತ್ಯಾಸ 9,000.

‘ಹಾಗಾದರೆ ಹಣ ಎಲ್ಲೂ ಹೋಗಲಿಲ್ಲವಲ್ಲ’ ಎಂದು ನಿಮ್ಮ ಸಿಬ್ಬಂದಿ ಮತ್ತೆ ಹೇಳಬಹುದು. ಪ್ರತಿ ತಿಂಗಳೂ ಕ್ರೆಡಿಟ್ ಮುಗಿದು ನಗದು ಕಟ್ಟುವ ಘಟಕದಲ್ಲಿ ಆ ಮಾತು ಸಲ್ಲುತ್ತದೆ. ಅಲ್ಲಿ ಬಾಡಿಗೆಯ 9,000 ನಗದು ಕಟ್ಟಿದರೆ ಮಾರಾಟದ ತೆರಿಗೆಗೆ ಕಟ್ಟುವ ನಗದು 9,000 ಕಡಿಮೆಯಾಗುತ್ತದೆ, ನಿಮ್ಮ ಒಟ್ಟು ಅಂಕಿಯೂ ಹೊಂದುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಈ ದೋಷ ಸಿಗದಿರಲು ಬಹುಶಃ ಅದೇ ಕಾರಣ. ಆದರೆ ಕ್ರೆಡಿಟ್ ಮೊದಲೇ ಮಿಕ್ಕಿರುವ ಘಟಕದಲ್ಲಿ ಕಟ್ಟಿದ ಹಣ ಉಳಿಕೆಯಾಗಿ ಕೂರುತ್ತದೆ. ಮುಂದಿನ ತಿಂಗಳೂ ಕ್ರೆಡಿಟ್ ಮಿಕ್ಕರೆ ಇನ್ನೊಂದು 9,000 ಅದರ ಮೇಲೆ ಕೂರುತ್ತದೆ. ಕಾಗದದಲ್ಲಿ ಅದು ಆಸ್ತಿ. ಅದರಿಂದ ಸಂಬಳ ಕೊಡಲು ಬರುವುದಿಲ್ಲ. ಇನ್ನು ತೆರಿಗೆ ವಿನಾಯಿತಿ ಇರುವ ಸರಕನ್ನೇ ಮಾರುವ ಭಾಗ ವ್ಯವಹಾರದಲ್ಲಿ ಇದ್ದರೆ, ಆ ಭಾಗಕ್ಕೆ ಸಲ್ಲುವ ಬಾಡಿಗೆ ತೆರಿಗೆ ಕ್ರೆಡಿಟ್ ಆಗಿ ಮರಳುವುದೇ ಇಲ್ಲ, ಅದು ನೇರ ಖರ್ಚು. ‘ನಿವ್ವಳ ಪರಿಣಾಮವಿಲ್ಲ’ ಎಂಬುದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ.

ಎರಡನೆಯ ದೋಷ ಪೋರ್ಟಲ್ ಕೇಳಿದ 11,160ರಲ್ಲೇ ಇತ್ತು. 3.1(ಡಿ) ಸಾಲಿನಲ್ಲಿ ತೆರಿಗೆಗೊಳಪಡುವ ಮೌಲ್ಯ 62,000 ಎಂದಿದ್ದು ನನ್ನ ಕಣ್ಣಿಗೆ ಬಿತ್ತು. ಬಾಡಿಗೆ 50,000 ಮಾತ್ರ. ಮಿಕ್ಕ 12,000 ಎಲೆಕ್ಟ್ರಿಷಿಯನ್‌ನದು. ಅವರ ಖಾತೆಯಲ್ಲಿ ಜಿಎಸ್‌ಟಿ ಸಂಖ್ಯೆಯ ಜಾಗ ಖಾಲಿ ಇದ್ದುದರಿಂದ ನಿಮ್ಮ ತಂತ್ರಾಂಶ ತಾನಾಗಿಯೇ ರಿವರ್ಸ್ ಚಾರ್ಜ್ ಗುರುತು ಹಾಕಿ 2,160 ತೆರಿಗೆ ಲೆಕ್ಕ ಹಾಕಿತ್ತು.

ನೋಂದಣಿ ಇಲ್ಲದವರಿಂದ ಪಡೆದುದಕ್ಕೆಲ್ಲ ರಿವರ್ಸ್ ಚಾರ್ಜ್ ಎಂಬ ನಿಯಮ 9(4)ನೇ ಕಲಂನಲ್ಲಿ 2017ರ ಜುಲೈನಲ್ಲಿ ಇತ್ತು. ಅದೇ ವರ್ಷ ಅಕ್ಟೋಬರ್ 13ರಿಂದ ಅದನ್ನು ತಡೆಹಿಡಿಯಲಾಯಿತು. 2019ರ ಫೆಬ್ರವರಿ 1ರಿಂದ ಕಲಂ ಅನ್ನೇ ತಿದ್ದಿ, ಸರ್ಕಾರ ಅಧಿಸೂಚಿಸಿದ ವರ್ಗದವರಿಗೆ ಮಾತ್ರ ಸೀಮಿತಗೊಳಿಸಲಾಯಿತು. ಕಟ್ಟಡ ನಿರ್ಮಾಣದ ಪ್ರವರ್ತಕರು ಆ ವರ್ಗದಲ್ಲಿದ್ದಾರೆ, ಬಿಡಿಭಾಗ ತಯಾರಿಸುವವರು ಇಲ್ಲ. ಬಾಡಿಗೆಯ ಮೇಲಿನ ತೆರಿಗೆ ಬರುವುದು 9(3)ರ ಪಟ್ಟಿಯಿಂದ. ಅಲ್ಲಿ ಪ್ರಶ್ನೆ ಯಾವ ಸೇವೆ, ಕೊಟ್ಟವರು ಯಾರು, ಪಡೆದವರು ಯಾರು ಎಂಬುದು. ಮೋಟಾರ್ ರಿವೈಂಡಿಂಗ್ ಆ ಪಟ್ಟಿಯಲ್ಲಿ ಇಲ್ಲ.

ಖಾಲಿ ಜಾಗ ನೋಡಿ ತೀರ್ಮಾನಿಸುವ ಈ ವಿಧಾನ ಇನ್ನೊಂದು ದಿಕ್ಕಿನಲ್ಲೂ ತಪ್ಪುತ್ತದೆ. ಕಂಪನಿಯಲ್ಲದ, ಒಬ್ಬರೇ ಮಾಲೀಕರಿರುವ ಭದ್ರತಾ ಸಂಸ್ಥೆ ನೋಂದಣಿ ಹೊಂದಿದ್ದರೂ, ಕಾವಲುಗಾರರ ಸೇವೆಗೆ ತೆರಿಗೆ ಕಟ್ಟಬೇಕಾದವರು ಪಡೆದವರೇ. ಜಿಎಸ್‌ಟಿ ಸಂಖ್ಯೆ ತುಂಬಿದ್ದರಿಂದ ನಿಮ್ಮ ತಂತ್ರಾಂಶ ಅದನ್ನು ಬಿಟ್ಟುಬಿಡುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ನನ್ನ ಇನ್ನೊಬ್ಬ ಕಕ್ಷಿದಾರರ ಅಂಗಡಿ ಬಾಡಿಗೆಗೂ ಗುರುತು ಬಿದ್ದಿತ್ತು. ಅವರನ್ನು ಬಾಡಿಗೆಯ ಈ ನಿಯಮದಿಂದ 2025ರ ಜನವರಿ 16ರಿಂದ ಹೊರಗಿಡಲಾಗಿದೆ. ಕ್ರೆಡಿಟ್ ಪಡೆಯುವ ಹಕ್ಕೇ ಇಲ್ಲದ ಅವರು ಕಟ್ಟಿದ್ದರೆ ಹಣ ಸುಮ್ಮನೆ ಹೋಗುತ್ತಿತ್ತು.

ಎರಡು ದೋಷಗಳು ಸೇರಿದಾಗ ಏನಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ತಪ್ಪಾಗಿ ಹುಟ್ಟಿದ 2,160 ಹೊಣೆಯ ಬದಿಯಲ್ಲೂ ಕ್ರೆಡಿಟ್ ಬದಿಯಲ್ಲೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತದೆ. ಮುಖಪುಟದ ಅಂಕಿ ಕದಲುವುದಿಲ್ಲ. 2,160ರ ಬದಲು ಇಪ್ಪತ್ತು ಸಾವಿರ ತಪ್ಪಿದ್ದರೂ ಅಲ್ಲಿ ಅದೇ ಸೊನ್ನೆ, ಅದೇ 8,000. ತಪ್ಪನ್ನು ಹಿಡಿಯಬೇಕಾದ ಅಂಕಿಯೇ ತಪ್ಪನ್ನು ಮುಚ್ಚಿಡುವಂತೆ ನೀವು ಅದನ್ನು ಕಟ್ಟಿದ್ದೀರಿ. ನಾನು ಆ 12,000ವನ್ನು ತೆಗೆದು, 9,000ಕ್ಕೆ ಚಲನ್ ಮಾಡಿಸಿ ರಿಟರ್ನ್ ಸಲ್ಲಿಸಿದೆ. ಗಮನಿಸದೆ ಕಟ್ಟುವವರು ಬಾಕಿಯೇ ಇಲ್ಲದ ತೆರಿಗೆಯನ್ನು ಕಟ್ಟಿ, ಅದರ ಮೇಲೆ ಪಡೆದ ಕ್ರೆಡಿಟ್‌ಗೆ ನಾಳೆ ಅಧಿಕಾರಿಯ ಮುಂದೆ ಸಮಜಾಯಿಷಿ ಕೊಡಬೇಕಾಗುತ್ತದೆ.

ಇದರ ಜೊತೆಗೆ ಒಂದು ಚಿಕ್ಕ ವಿಷಯ. ನೋಂದಣಿ ಇಲ್ಲದ ಪೂರೈಕೆದಾರರ ಪರವಾಗಿ ಸೇವೆ ಪಡೆದವರೇ ತಯಾರಿಸಬೇಕಾದ ಸೆಲ್ಫ್ ಇನ್‌ವಾಯ್ಸ್‌ಗೆ ನಿಮ್ಮ ತಂತ್ರಾಂಶ ರಿಟರ್ನ್ ಸಿದ್ಧಪಡಿಸಿದ ದಿನದ ತಾರೀಕು ಹಾಕುತ್ತದೆ. ಜುಲೈ ತಿಂಗಳ ಬಾಡಿಗೆಯನ್ನು ಆಗಸ್ಟ್ 5ರಂದು ಕೊಟ್ಟಿದ್ದರು. ಅದರ ಇನ್‌ವಾಯ್ಸ್ ಮೇಲೆ ಸೆಪ್ಟೆಂಬರ್ 17 ಎಂದು ಬಂದಿದೆ. 47ಎ ನಿಯಮದಂತೆ ಸೇವೆ ಪಡೆದ 30 ದಿನಗಳೊಳಗೆ ಅದು ಆಗಿರಬೇಕು. ಬಾಡಿಗೆ ನಮೂದಿಸಿದ ದಿನವೇ ಇನ್‌ವಾಯ್ಸ್ ಹುಟ್ಟುವಂತೆ ಮಾಡುವುದು ಕಷ್ಟವೇನಲ್ಲ.

ನನ್ನ ಬೇಡಿಕೆಗಳು ಸ್ಪಷ್ಟವಾಗಿವೆ. ಮುಖಪುಟದಲ್ಲಿ ‘ಕಟ್ಟಬೇಕಾದ ತೆರಿಗೆ’ ಎಂಬ ಒಂದೇ ಅಂಕಿಯ ಬದಲು ರಿವರ್ಸ್ ಚಾರ್ಜ್‌ನ ನಗದು, ಮಾರಾಟದ ತೆರಿಗೆಯ ನಗದು ಎಂದು ಎರಡನ್ನು ಬೇರೆಯಾಗಿ ತೋರಿಸಿ. ಕ್ರೆಡಿಟ್ ಎರಡನೆಯದರಿಂದ ಮಾತ್ರ ಕಳೆಯಲಿ. ರಿವರ್ಸ್ ಚಾರ್ಜ್ ಗುರುತು ಸೇವೆಯ ಬಗೆಯಿಂದ ಬರಲಿ, ಖಾಲಿ ಬಿಟ್ಟ ಜಾಗದಿಂದ ಬೇಡ. ಈಗಾಗಲೇ ತಾನಾಗಿ ಗುರುತು ಬಿದ್ದಿರುವ ನಮೂದುಗಳ ಪಟ್ಟಿಯನ್ನು ಎಲ್ಲ ಬಳಕೆದಾರರಿಗೂ ಕಳುಹಿಸಿ. ಅವರಲ್ಲಿ ಎಷ್ಟೋ ಮಂದಿಗೆ ಇದು ತಿಳಿದೇ ಇರುವುದಿಲ್ಲ.

ಆಗಸ್ಟ್ ತಿಂಗಳ ನಿಮ್ಮ ವಿವರ ವರದಿ, ಪೋರ್ಟಲ್‌ನ ಪಾವತಿ ಪುಟ, ಚಲನ್ ಮತ್ತು ನೀವು ಮುಚ್ಚಿದ ದೂರಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮುಂದಿನ ರಿಟರ್ನ್ ಗಡುವಿಗೆ ಮುನ್ನ ಲಿಖಿತ ಉತ್ತರ ಬೇಕು, ಅದೂ ತೆರಿಗೆ ಲೆಕ್ಕ ಬಲ್ಲವರಿಂದ. ಬಾರದಿದ್ದರೆ ಉಳಿದ ತಿಂಗಳುಗಳ ಚಂದಾ ಮೊತ್ತವನ್ನು ಮರಳಿಸಿ, ನನ್ನ ಎಲ್ಲ ಕಕ್ಷಿದಾರರ ದತ್ತಾಂಶವನ್ನು ಬೇರೆ ತಂತ್ರಾಂಶಕ್ಕೆ ಒಯ್ಯಬಹುದಾದ ರೂಪದಲ್ಲಿ ಕೊಡಿ.

ಇತಿ,
ನಿಮ್ಮ ಚಂದಾದಾರ
ತೆರಿಗೆ ಸಲಹೆಗಾರ, ಬೆಂಗಳೂರು