ಪುಟ್ಟವ್ವನಿಗೆ: ಆ ಮೂರು ರೈಡುಗಳ ಮಾತು ಆಡು

ಪ್ರೀತಿಯ ಪುಟ್ಟವ್ವ,

ಜಮಖಂಡಿಯಿಂದ ನಿನ್ನ ಅತ್ತೆಯ ಆಶೀರ್ವಾದ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ನಿಮ್ಮ ಹಾಸ್ಟೆಲ್ ಗದ್ದಲದಲ್ಲಿ ಅರ್ಧ ಮಾತು ಕೇಳಲೇ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಕಬಡ್ಡಿಯಲ್ಲಿ ಎರಡು ಪಂದ್ಯ ಸೋತಿದ್ದೀರಿ, ಹುಡುಗಿಯರು ಪ್ರಾಕ್ಟೀಸಿಗೂ ಬೇಸರದಿಂದ ಬರುತ್ತಿದ್ದಾರೆ, ತೊರವಿಯಲ್ಲಿ ಮುಂದಿನ ಪಂದ್ಯ ಬಂದೇ ಬಿಟ್ಟಿತು, ಮ್ಯಾಟಿಗೆ ಇಳಿಯುವ ಮುಂಚೆ ಕ್ಯಾಪ್ಟನ್ ಆಗಿ ಏನು ಮಾತಾಡಲಿ ಅಂತ ಕೇಳಿದೆ ಅಲ್ವಾ?

ನೀನು ಬರೆದು ಕಳಿಸಿದ ಭಾಷಣ ಓದಿದೆ. ಮಾತು ಚೆನ್ನಾಗಿವೆ. ಕಿತ್ತೂರು ಚೆನ್ನಮ್ಮ ಇದ್ದಾಳೆ, ಕಾಲೇಜಿನ ಮಾನ ಇದೆ, ‘ಇವತ್ತು ಗೆದ್ದೇ ತೀರಬೇಕು’ ಅಂತ ಇದೆ. ಆದರೆ ಅದನ್ನು ಹೇಳಬೇಡ. ಸೋತು ಕುಗ್ಗಿದ ಹುಡುಗಿಗೆ ‘ಗೆಲ್ಲಲೇಬೇಕು’ ಅಂದರೆ ಅವಳ ಕಿವಿಗೆ ಬೀಳುವುದು ‘ಮತ್ತೆ ಸೋತರೆ ಗತಿ ಏನು’ ಅನ್ನುವುದು ಮಾತ್ರ. ಅವಳು ಮೊದಲೇ ಹೆದರಿದ್ದಾಳೆ. ಅದರ ಮೇಲೆ ಕಾಲೇಜಿನ ಮಾನವನ್ನೂ ಹೊರಿಸಿದರೆ ಕಾಲು ಮ್ಯಾಟಿನಿಂದ ಏಳುವುದಿಲ್ಲ.

ದೈಹಿಕ ಶಿಕ್ಷಣದ ಓದಿನಲ್ಲಿ ನಮಗೆ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರ ಒಂದು ಪಾಠ ಇತ್ತು. ‘ನನ್ನ ಕೈಲಿ ಆಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ 1977ರಲ್ಲಿ ಅವರು ಬರೆದರು. ತಾನೇ ಒಮ್ಮೆ ಮಾಡಿ ತೋರಿಸಿದ ಕೆಲಸದಿಂದ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಬರುತ್ತದೆ. ತನ್ನಂಥವರೇ ಮಾಡಿದ್ದನ್ನು ನೋಡಿದರೂ ಬರುತ್ತದೆ. ಬೇರೆಯವರು ಬಾಯಲ್ಲಿ ಹುರಿದುಂಬಿಸಿದರೆ ಬರುವ ನಂಬಿಕೆ ಅಷ್ಟು ಗಟ್ಟಿಯಲ್ಲ, ಮೊದಲ ಪೆಟ್ಟಿಗೇ ಇಳಿದುಹೋಗುತ್ತದೆ. ಹೈಸ್ಕೂಲ್ ಹುಡುಗಿಯರನ್ನು ಆಡಿಸುವಾಗ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ನಿನ್ನ ಮಾತಿನಲ್ಲಿ ನಿಮ್ಮ ಹುಡುಗಿಯರೇ ಮಾಡಿದ ಕೆಲಸ ಇರಬೇಕು. ಅದು ಎಲ್ಲಿದೆ ಅಂತ ಹುಡುಕಲು ಸ್ಕೋರ್‌ಶೀಟಿನ ಫೋಟೋ ತರಿಸಿಕೊಂಡು ನೋಡಿದೆ.

ಮೊದಲ ಪಂದ್ಯ ಬಿಟ್ಟುಬಿಡು. ಎದುರಿನವರು ನಿಜಕ್ಕೂ ನಿಮಗಿಂತ ಮೇಲು. ಎರಡನೆಯದರಲ್ಲಿ ನೀವು 24–29ಕ್ಕೆ ಸೋತಿರಿ. ‘ಸೆಕೆಂಡ್ ಹಾಫ್ ಪೂರ್ತಿ ಹಾಳಾಯ್ತು ಅತ್ತೆ’ ಅಂದೆ ನೀನು. ಶೀಟಿನಲ್ಲಿ ಹಾಗಿಲ್ಲ. 15–17 ಇದ್ದಾಗ ನಿಮ್ಮವರು ನಾಲ್ಕು ಮಂದಿ ಒಳಗಿದ್ದರು. ಎರಡು ರೈಡ್ ಖಾಲಿ ಬಂದಿದ್ದವು, ಮೂರನೆಯದು ಡೂ ಆರ್ ಡೈ, ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಅದಕ್ಕೂ ದಣಿದಿದ್ದ ಅದೇ ರೈಡರ್ ಹೋದಳು, ಸಿಕ್ಕಿಬಿದ್ದಳು. ಅವರಿಗೆ 1 ಪಾಯಿಂಟ್, ನೀವು ಮೂವರು. ಮರುರೈಡಿನಲ್ಲಿ ನಿಮ್ಮ ರೈಟ್ ಕವರ್ ಒಬ್ಬಳೇ ಮುಂದೆ ನುಗ್ಗಿದಳು. ಅವರ ರೈಡರ್ ಅವಳನ್ನೂ ಪಕ್ಕದವಳನ್ನೂ ಮುಟ್ಟಿ ಓಡಿದಳು. 2 ಪಾಯಿಂಟ್. ಉಳಿದ ಒಬ್ಬಳು ರೈಡಿಗೆ ಹೋಗಿ ಸಿಕ್ಕಿದಳು, ಅದಕ್ಕೆ 1, ಆಲ್ ಔಟಿಗೆ 2. ಒಟ್ಟು 6 ಪಾಯಿಂಟ್. 15–23.

ಒಂದು ರೈಡಿಗೆ 30 ಸೆಕೆಂಡ್. ಮೂರು ರೈಡ್ ಅಂದರೆ ಹೆಚ್ಚೆಂದರೆ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷ ತೆಗೆದಿಟ್ಟು ಉಳಿದ ಪಂದ್ಯ ಲೆಕ್ಕ ಹಾಕು. ನೀವು 24, ಅವರು 23. ಆಲ್ ಔಟ್ ಆದ ಮೇಲಂತೂ ನೀವು 9 ತೆಗೆದಿರಿ, ಅವರು 6. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ ಪುಟ್ಟವ್ವ, ಸೋತದ್ದು ಸೋತದ್ದೇ. ಆದರೆ ಎಲ್ಲಿ ಸೋತೆವು ಅನ್ನುವುದು ನಿಮ್ಮ ಹುಡುಗಿಯರಿಗೆ ಗೊತ್ತಿಲ್ಲ. ಇಡೀ ಆಟವೇ ಬರುವುದಿಲ್ಲ ಅಂದುಕೊಂಡಿದ್ದಾರೆ. ಇಷ್ಟು ದೊಡ್ಡ ಸೋಲನ್ನು ಮೂರು ರೈಡಿನಷ್ಟು ಸಣ್ಣದು ಮಾಡಿ ಅವರ ಮುಂದಿಡುವುದೇ ನಿನ್ನ ಮೊದಲ ಕೆಲಸ.

ಎರಡನೆಯದು ಆ ರೈಡರ್ ಹುಡುಗಿ. ಅವಳೇ ಈಗ ಊಟ ಬಿಟ್ಟು ಕೂತಿದ್ದಾಳೆ ಅಂದೆ. ಮೂರನೇ ರೈಡಿಗೆ ಅವಳನ್ನು ಕಳಿಸಿದ್ದು ಯಾರು? ನೀನು. ಎಲ್ಲರ ಎದುರು ಅದನ್ನು ಹೇಳು. ‘ಅವಳು ದಣಿದಿದ್ದಳು, ನಾನು ಬೇರೆಯವರನ್ನು ಕಳಿಸಬೇಕಿತ್ತು. ಆ ತೀರ್ಮಾನ ನನ್ನದು.’ ಇಷ್ಟೇ, ಇದಕ್ಕಿಂತ ಜಾಸ್ತಿ ಬೇಡ. ಕ್ಯಾಪ್ಟನ್ ತನ್ನ ಪಾಲನ್ನು ತಾನೇ ಹೊತ್ತರೆ, ಒಳಗೊಳಗೇ ಅವಳನ್ನು ದೂರುತ್ತಿದ್ದವರೂ ಸುಮ್ಮನಾಗುತ್ತಾರೆ. ಮುಂದಿನ ಪಂದ್ಯದಲ್ಲಿ ಡೂ ಆರ್ ಡೈ ಬಂದರೆ ಯಾರು ಹೋಗಬೇಕು ಅಂತ ಈಗಲೇ ಹೆಸರು ಹೇಳಿಬಿಡು, ಅವಳೂ ಔಟ್ ಆಗಿದ್ದರೆ ಯಾರು ಅಂತಲೂ. ಮ್ಯಾಟಿನ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರೆ ಹೆದರಿಕೆ ಅಲ್ಲೇ ಬೆಳೆಯುತ್ತದೆ.

ಇನ್ನು ಮೂವರೇ ಉಳಿದ ಹೊತ್ತು. ನಿನ್ನ ಮಾತಿನ ಅರ್ಧ ಸಮಯ ಇದಕ್ಕೇ ಕೊಡು. ಈ ತಂಡ ಅಲ್ಲೇ ಬಿದ್ದದ್ದು, ಅಲ್ಲಿಗೆ ಮತ್ತೆ ಬಂದಾಗ ಮತ್ತೆ ಬೀಳುತ್ತೇವೆ ಅಂತ ಎಲ್ಲರ ಮನಸ್ಸಿನಲ್ಲೂ ಇದೆ. ‘ಅಂಥ ಹೊತ್ತು ಬರುವುದೇ ಇಲ್ಲ’ ಅಂತ ಧೈರ್ಯ ಹೇಳಿದರೆ, ಅದು ಬಂದ ಕೂಡಲೇ ನಿನ್ನ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಬರುತ್ತದೆ ಅಂತಲೇ ಹೇಳು. ಬಂದಾಗ ಏನು ಮಾಡುತ್ತೇವೆ ಅಂತ ಹೇಳು.

ಲೆಕ್ಕ ಅವರಿಗೆ ನೆನಪಿಸು. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, 2 ಪಾಯಿಂಟ್. ಹೊರಗೆ ಕೂತವರಲ್ಲಿ ಮೊದಲು ಔಟ್ ಆದವಳು ಒಳಗೆ ಬರುತ್ತಾಳೆ. ಆವತ್ತು ಆ ರೈಡಿನಲ್ಲಿ ಹಿಡಿದಿದ್ದರೆ 17–18, ನೀವು ನಾಲ್ವರು. ಒಂದೇ ಪಾಯಿಂಟ್ ಹಿಂದೆ ಇರುತ್ತಿದ್ದಿರಿ. ಇನ್ನೊಂದು ಮಾತು, ಆರು ಮಂದಿಗಿಂತ ಕಡಿಮೆ ಇದ್ದಾಗ ಎದುರಿನವರಿಗೆ ಬೋನಸ್ ಇಲ್ಲ. ಹಾಗಾಗಿ ಅವರ ರೈಡರ್ ಬೋನಸ್ ಗೆರೆ ತುಳಿದರೂ ಏನೂ ಸಿಗುವುದಿಲ್ಲ. ಅದನ್ನು ನೋಡಿ ಯಾರೂ ಗಾಬರಿಯಾಗಿ ನುಗ್ಗಬಾರದು.

ನಾನು ಕಂಡಂತೆ ಮೂವರಿದ್ದಾಗ ಆಗುವ ತಪ್ಪು ಯಾವಾಗಲೂ ಒಂದೇ. ಬೇಗ ಮುಗಿಸಿಬಿಡೋಣ ಅಂತ ಒಬ್ಬಳು ಒಂಟಿಯಾಗಿ ಹಾರುತ್ತಾಳೆ. ಆತುರ ಯಾಕೆ? ಪ್ರತಿ ರೈಡಿನಲ್ಲೂ ದಾಟಲೇಬೇಕಾದ ಬಾಕ್ ಲೈನ್ ದಾಟಿ ಅವರ ರೈಡರ್ ಖಾಲಿ ಹೋದರೆ ಹೋಗಲಿ. ನಿಮ್ಮವಳೂ ಬಾಕ್ ಲೈನ್ ದಾಟಿ ಖಾಲಿ ಬರಲಿ. ಎದುರಿಗೆ ಆರೋ ಏಳೋ ಮಂದಿ ಇದ್ದರೆ ಬೋನಸ್ಸಿಗೂ ಪ್ರಯತ್ನ ಮಾಡಬಹುದು. ಹೀಗೆ ಎರಡು ಸುತ್ತು ಕಳೆದರೆ ಮೂರನೇ ರೈಡ್ ಅವರಿಗೂ ಡೂ ಆರ್ ಡೈ ಆಗುತ್ತದೆ. ಆಗ ಅವಳು ಒಳಗೆ ಬರಲೇಬೇಕು. ಕಾರ್ನರ್‌ನವಳು ಕಾಲು ಹಿಡಿದ ಕೂಡಲೇ ಉಳಿದ ಇಬ್ಬರೂ ಮೇಲೆ ಬೀಳಬೇಕು. ಆದರೆ ನಿಮ್ಮ ಮೂರನೇ ರೈಡೂ ಅಷ್ಟರಲ್ಲೇ ಬರುತ್ತದೆ, ಮೊದಲ ರೈಡ್ ಯಾರದು ಅನ್ನುವುದರ ಮೇಲೆ ಯಾರದು ಮುಂಚೆ ಅನ್ನುವುದು ನಿಂತಿದೆ. ಅದನ್ನು ಎಣಿಸುತ್ತ ಕೂಗಿ ಹೇಳುವುದು ನಿನ್ನ ಕೆಲಸ. ‘ಮೂವರಾದ ಕೂಡಲೇ ನಾನು ನಿಲ್ಲು ಅಂತ ಕೂಗುತ್ತೇನೆ. ಆಮೇಲೆ ಯಾರೂ ಒಬ್ಬಳೇ ಹೋಗುವುದಿಲ್ಲ’ ಅಂತ ಪಂದ್ಯದ ಮುಂಚೆ ಎಲ್ಲರೂ ಸೇರಿ ನಿಲ್ಲುವ ವೃತ್ತದಲ್ಲಿ ಹೇಳು. ಹಿಂದಿನ ದಿನ ಪ್ರಾಕ್ಟೀಸಿನಲ್ಲಿ ಮೂವರನ್ನೇ ನಿಲ್ಲಿಸಿ ಇದನ್ನು ಆಡಿಸು. ನಿಮ್ಮ ಒಳ್ಳೆಯ ರೈಡರನ್ನೇ ಮೇಲೆ ಬಿಡು. ಕೆಲವು ಸಲವಾದರೂ ಹಿಡಿದೇ ಹಿಡಿಯುತ್ತಾರೆ. ಮರುದಿನ ನೀನು ‘ನಿನ್ನೆ ಹಿಡಿದೆವಲ್ಲ’ ಅನ್ನಬಹುದು. ಆ ಒಂದು ಮಾತು ನಿನ್ನ ಇಡೀ ಭಾಷಣಕ್ಕಿಂತ ತೂಕದ್ದು.

ತಮ್ಮಂಥವರ ಉದಾಹರಣೆ ಬೇಕೇ ಬೇಕು ಅನ್ನಿಸಿದರೆ ನಮ್ಮ ದೇಶದ ಹೆಣ್ಣುಮಕ್ಕಳ ತಂಡದ್ದು ಹೇಳು. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನ್ ವಿರುದ್ಧ 24–27ಕ್ಕೆ ಸೋತರು. ಮುಂದಿನ ಗೇಮ್ಸ್ 2023ರಲ್ಲಿ ಹಾಂಗ್‌ಝೌನಲ್ಲಿ ನಡೆಯಿತು. ಮೊದಲ ಪಂದ್ಯದಲ್ಲೇ ಚೈನೀಸ್ ತೈಪೆ ಜೊತೆ 34–34 ಸಮ ಆಯಿತು. ಫೈನಲ್‌ನಲ್ಲಿ ಅದೇ ತಂಡ ಎದುರಾಯಿತು. ರಿತು ನೇಗಿ ಕ್ಯಾಪ್ಟನ್. 26–25ಕ್ಕೆ ಗೆದ್ದರು. ಒಂದು ಪಾಯಿಂಟ್! ಚಿನ್ನದ ಪದಕಕ್ಕೂ ಬೆಳ್ಳಿಗೂ ನಡುವೆ ಒಂದು ಟ್ಯಾಕಲ್‌ನಷ್ಟೇ ಅಂತರ ಇತ್ತು. ಇದನ್ನು ಬಸ್ಸಿನಲ್ಲಿ ಹರಟೆಯ ನಡುವೆ ಹೇಳಿದರೆ ಸಾಕು, ವೃತ್ತದಲ್ಲಿ ಬೇಡ.

ವೃತ್ತದಲ್ಲಿ ನಿನಗೆ ಎರಡು ನಿಮಿಷ ಸಾಕು. ಆಟದ ತಂತ್ರವನ್ನು ನಿಮ್ಮ ಸರ್ ಮೊದಲೇ ಹೇಳಿರುತ್ತಾರೆ, ಅದನ್ನೇ ಮತ್ತೆ ಹೇಳಬೇಡ. ವಾರ್ಮ್ ಅಪ್ ಮುಗಿದ ಕೂಡಲೇ, ಮೈ ಬಿಸಿ ಇರುವಾಗಲೇ ಮಾತಾಡು. ಮೊದಲು ಆ ಮೂರು ರೈಡಿನ ಲೆಕ್ಕ, ನಂತರ ನಿನ್ನ ತೀರ್ಮಾನದ ಮಾತು, ಆಮೇಲೆ ಮೂವರಾದಾಗಿನ ಕೆಲಸ. ಕೊನೆಗೆ ಪ್ರತಿಯೊಬ್ಬಳ ಕಣ್ಣು ನೋಡಿ ಒಂದೊಂದು ಮಾತು, ಅವಳು ನಿಜವಾಗಿ ಮಾಡಿದ್ದು. ಲೆಫ್ಟ್ ಕಾರ್ನರ್ ಹುಡುಗಿಗೆ ‘ಹೋದ ಪಂದ್ಯದಲ್ಲಿ ನೀನು ಹಿಡಿದ ಆ ಆಂಕಲ್ ಹೋಲ್ಡ್, ಅವಳು ಒಂದು ಹೆಜ್ಜೆ ಅಲ್ಲಾಡಲಿಲ್ಲ’ ಅಂತ ಹೇಳು. ಮಾಡದ್ದನ್ನು ಮಾಡಿದೆ ಅಂತ ಹೊಗಳಬೇಡ, ಅವರಿಗೆ ತಕ್ಷಣ ತಿಳಿಯುತ್ತದೆ. ಯಾರ ಬಗ್ಗೆಯಾದರೂ ಏನೂ ನೆನಪಾಗದಿದ್ದರೆ ಪ್ರಾಕ್ಟೀಸಿನಲ್ಲಿ ಹೋಗಿ ಅವಳನ್ನೇ ಗಮನಿಸು, ಸಿಗುತ್ತದೆ.

ಹೇಳುವಾಗ ದನಿ ಏರಿಸಬೇಡ. ನಿನ್ನ ದನಿ ನಡುಗಿದರೂ ಪರವಾಗಿಲ್ಲ, ಅವರು ನಿನ್ನವರೇ. ಮಾತು ನಾಟಿತೋ ಇಲ್ಲವೋ ಅನ್ನುವುದು ಮೊದಲ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಚೈನ್ ಹಿಡಿದವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರೆ, ಔಟ್ ಆಗಿ ಹೊರಗೆ ಕೂತವಳು ಒಳಗಿನವರಿಗೆ ಎಣಿಸಿ ಹೇಳುತ್ತಿದ್ದರೆ ನಾಟಿದೆ. ಎಲ್ಲರೂ ಮೌನವಾಗಿ ನೆಲ ನೋಡುತ್ತಿದ್ದರೆ ಟೈಮ್ ಔಟ್ ಕೇಳಲು ಸರ್‌ಗೆ ಸನ್ನೆ ಮಾಡು. ಸಿಗುವುದು 30 ಸೆಕೆಂಡ್, ಒಂದು ಹಾಫಿಗೆ ಎರಡೇ ಸಲ. ನೀರು ಕುಡಿಯಲಿಕ್ಕೇ ಅರ್ಧ ಹೋಗುತ್ತದೆ. ಆಗ ಒಂದೇ ವಾಕ್ಯ ಹೇಳು. ಮುಂದಿನ ರೈಡ್ ಯಾರದು, ಮುಂದಿನ ಹಿಡಿತ ಯಾರು ಶುರು ಮಾಡುತ್ತಾರೆ, ಅಷ್ಟೇ.

ಮೊನ್ನೆಯ ರೈಟ್ ಕವರ್ ಹುಡುಗಿಯನ್ನು ಈ ಸಲ ಹೊರಗೆ ಕೂರಿಸುವ ಯೋಚನೆ ಸರ್‌ಗೆ ಇದೆ ಅಂದಿದ್ದೆ. ಅದು ನಿಜವಾದರೆ ಅವಳಿಗೆ ವೃತ್ತದಲ್ಲಿ ತಿಳಿಯಬಾರದು. ಹಿಂದಿನ ರಾತ್ರಿಯೇ ಅವಳ ರೂಮಿಗೆ ನೀನೇ ಹೋಗು. ಕಾರಣ ಹೇಳು, ಅತ್ತರೆ ಅಳಲಿ, ಸ್ವಲ್ಪ ಹೊತ್ತು ಜೊತೆಗೆ ಕೂತಿರು. ಮೂವರಾದಾಗಿನ ಆ ‘ನಿಲ್ಲು’ ಕೂಗನ್ನು ಹೊರಗಿನಿಂದ ಅವಳೂ ಕೂಗಬಹುದಾ ಅಂತ ಕೇಳಿ ನೋಡು. ಅವಳು ಏನಂದಳು ಅಂತ ನನಗೆ ಫೋನ್ ಮಾಡು.

ನಿನ್ನ ಅತ್ತೆ
ಜಮಖಂಡಿ