ವಿಷಯ: ಮನುಷ್ಯರ ಕೈಗೆ ಗ್ರಾಹಕರನ್ನು ಒಪ್ಪಿಸದ ನಿಮ್ಮ ಚಾಟ್‌ಬಾಟ್

ಮಾನ್ಯರೇ,

ಫೋನಿನಲ್ಲಿ ಸಮಾಧಾನವಾಗಿ ಹೇಳಿ ಹೇಳಿ ಸಾಕಾಗಿ ಈಗ ಬರೆದು ಕಳಿಸುತ್ತಿದ್ದೇನೆ. ಸತತ ಮೂರು ಬಾರಿ ಫಾಲ್‌ಬ್ಯಾಕ್ ಆದರೆ ಚಾಟ್ ಏಜೆಂಟ್‌ಗೆ ಹೋಗಬೇಕು ಎಂಬುದು ನಿಮ್ಮದೇ ಫ್ಲೋ ಡಾಕ್ಯುಮೆಂಟಿನ ನಿಯಮ. ಅದನ್ನು ನಿಮಗೆ ಓದಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಸೋಮವಾರ ನಮ್ಮ ನಿರ್ದೇಶಕರ ಎದುರಿಗೇ ಪರೀಕ್ಷೆ ಇತ್ತು. ನಾನು ಗ್ರಾಹಕನಾಗಿ, ‘ದುಡ್ಡು ಕಟ್ ಆಗಿದೆ, ಆರ್ಡರ್ ಕನ್ಫರ್ಮ್ ಆಗಿಲ್ಲ’ ಎಂದು ಟೈಪ್ ಮಾಡಿದೆ. ಬಾಟ್ ಇದನ್ನು ಡೆಲಿವರಿ ವಿಚಾರಣೆ ಎಂದುಕೊಂಡು ಆರ್ಡರ್ ನಂಬರ್ ಕೇಳಿತು. ಕನ್ಫರ್ಮೇ ಆಗದ ಆರ್ಡರ್‌ಗೆ ನಂಬರ್ ಎಲ್ಲಿಂದ ಬರಬೇಕು? ‘ನಂಬರ್ ಬಂದಿಲ್ಲ, ಏಜೆಂಟ್ ಜೊತೆ ಮಾತಾಡಬೇಕು’ ಎಂದೆ. ಆ ಇಡೀ ವಾಕ್ಯವನ್ನೇ ಆರ್ಡರ್ ನಂಬರ್ ಎಂದು ಓದಿ, ಅಂಕಿಗಳು ತಪ್ಪಿವೆ ಎಂದಿತು. ‘ಏಜೆಂಟ್’ ಎಂದಷ್ಟೇ ಬರೆದೆ. ಅದೂ ತಪ್ಪು ನಂಬರ್! ಇನ್ನೊಂದು ಸಲವಾದರೆ ವರ್ಗಾವಣೆ ಆಗಲೇಬೇಕಿತ್ತು. ಅಷ್ಟರಲ್ಲಿ ಬೇಸತ್ತು ‘ಸರಿ ಬಿಡಿ’ ಎಂದುಬಿಟ್ಟೆ. ನಿಮ್ಮ ಲಾಗ್ ಏನನ್ನುತ್ತದೆ ನೋಡಿ:

```
intent: affirm   score: 0.41   threshold: 0.40
fallback_count: 2 -> 0
```

ಗ್ರಾಹಕ ಕೈಚೆಲ್ಲಿದ್ದು ನಿಮ್ಮ ಬಾಟ್‌ಗೆ ಒಪ್ಪಿಗೆಯಾಗಿ ಕಂಡಿತು. ಲೆಕ್ಕ ಸೊನ್ನೆಗೆ ಬಂತು, ಮತ್ತೆ ಆರ್ಡರ್ ನಂಬರ್ ಕೇಳಿತು. ಕರೆಯಲ್ಲಿದ್ದ ನಿಮ್ಮ ಎಂಜಿನಿಯರ್, ‘ಸಾರ್, ನೀವು ಮೊದಲು ಮುಖ್ಯ ಮೆನುಗೆ ಹೋಗಿ ಆಮೇಲೆ ಏಜೆಂಟ್ ಅಂತ ಹಾಕಬೇಕಿತ್ತು’ ಎಂದರು. ನಿರ್ದೇಶಕರು ನನ್ನ ಮುಖ ನೋಡಿದರು. ದುಡ್ಡು ಕಳೆದುಕೊಂಡವರಿಗೆ ಈ ಶಿಷ್ಟಾಚಾರವನ್ನು ಕಲಿಸುವವರು ಯಾರು ಸ್ವಾಮಿ?

ಹಾಗೇ ಮಾಡಿದಾಗ ಚಾಟ್ ಏನೋ ಏಜೆಂಟ್‌ಗೆ ಹೋಯಿತು. ಆದರೆ ಅವರ ಪರದೆಯಲ್ಲಿ ಹಿಂದಿನ ಸಂಭಾಷಣೆಯ ಒಂದು ಸಾಲೂ ಇರಲಿಲ್ಲ. ‘ಹೇಳಿ, ಏನು ಸಮಸ್ಯೆ?’ ಎಂದು ಆಕೆ ಕೇಳಿದರು. ಪಾಪ, ಅವರ ತಪ್ಪೇನೂ ಇಲ್ಲ.

ನೀವು ಹೆಮ್ಮೆಯಿಂದ ಕಳಿಸಿದ ಟೆಸ್ಟ್ ರಿಪೋರ್ಟ್‌ನಲ್ಲಿ ಇವೆಲ್ಲ ಪಾಸ್ ಆಗಿವೆ. ಆಗದೇ ಏನು? ಬಾಟ್‌ಗೆ ತರಬೇತಿ ಕೊಟ್ಟ ವಾಕ್ಯಗಳನ್ನೇ ಪರೀಕ್ಷೆಗೂ ಹಾಕಿದ್ದೀರಿ. ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಸಿಕ್ಕ ಹುಡುಗನ ಅಂಕಪಟ್ಟಿ ಅದು. ಅದರಲ್ಲಿ ಪ್ರತಿ ಪ್ರಕರಣವೂ ಒಂದೇ ಪ್ರಶ್ನೆ, ಒಂದೇ ಉತ್ತರ. ನಂಬರ್ ಕೇಳಿದ ನಡುವೆ ಗ್ರಾಹಕ ಮಾತು ಬದಲಿಸಿದರೆ ಏನಾಗುತ್ತದೆ ಎಂದು ಒಮ್ಮೆಯೂ ನೋಡಿಲ್ಲ.

ಯಾವ ಹಂತದಲ್ಲಿದ್ದರೂ ಏಜೆಂಟ್ ಬೇಡಿಕೆಯನ್ನು ಮೊದಲು ಪರಿಶೀಲಿಸಬೇಕು. ಗ್ರಾಹಕರ ಕೆಲಸ ನಿಜಕ್ಕೂ ಒಂದು ಹೆಜ್ಜೆ ಮುಂದೆ ಹೋದಾಗ ಮಾತ್ರ ಲೆಕ್ಕ ಸೊನ್ನೆಯಾಗಬೇಕು. ವರ್ಗಾವಣೆಯ ಜೊತೆ ಪೂರ್ತಿ ಸಂಭಾಷಣೆ ಹೋಗಬೇಕು. ನಾವು ಕೊಡುವ ಹೊಸ ವಾಕ್ಯಗಳ ಮೇಲೆ, ನಮ್ಮ ಕಣ್ಣೆದುರೇ ಇವು ನಡೆಯುವ ತನಕ ಸ್ವೀಕೃತಿ ಪತ್ರಕ್ಕೆ ನನ್ನ ಸಹಿ ಬೀಳುವುದಿಲ್ಲ, ನಿಮ್ಮ ಬಿಲ್ ನನ್ನ ಮೇಜು ದಾಟುವುದಿಲ್ಲ. ಒಪ್ಪಂದ ರದ್ದತಿಯ ನೋಟಿಸ್ ಕಾನೂನು ವಿಭಾಗದಲ್ಲಿ ಸಿದ್ಧವಾಗುತ್ತಿದೆ. ಅದಕ್ಕೆ ಸೋಮವಾರದ ಲಾಗ್ ಅನ್ನು ಒಂದಕ್ಷರ ಬಿಡದೆ ಲಗತ್ತಿಸುತ್ತೇವೆ. ಉತ್ತರ ಬರೆಯುವುದಾದರೆ ಮನುಷ್ಯರೇ ಬರೆಯಿರಿ.

ಇಂತಿ,
ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕ